ಜೂನ್ ಒಂದರ ಗೆಳೆಯ

ನಮ್ಮ ಕಚೇರಿಯ ರಾಯರು ಸಾಲ ಕೇಳುವುದಕ್ಕೂ ಹೆದರುವವರಲ್ಲ, ಕೊಟ್ಟ ಸಾಲ ಕೇಳುವುದಕ್ಕೂ ಹೆದರುವವರಲ್ಲ. ಅವರಿಗೆ ಕೈ ನಡುಗುವುದು ವರ್ಷಕ್ಕೊಂದು ಸಲ, ಕಾಲೇಜಿನ ಹಳೆಯ ಗೆಳೆಯನಿಗೆ ವಾಟ್ಸಾಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಕಳಿಸಲು ಹೊರಟಾಗ. ಪ್ರತಿ ವರ್ಷ ಬರೆಯುತ್ತಾರೆ, ಅಳಿಸುತ್ತಾರೆ. ಇಂಥವರು ನಿಮ್ಮ ಕಚೇರಿಯಲ್ಲೂ ಇದ್ದಾರೆ, ಸುಮ್ಮನೆ ಸುತ್ತ ನೋಡಿ.

ಗೆಳೆಯನ ಹುಟ್ಟುಹಬ್ಬ ಜೂನ್ 1. ರಾಯರ ಬ್ಯಾಚಿನಲ್ಲಿ ಆ ದಿನ ಹುಟ್ಟಿದವರು ಅರ್ಧ ಬೆಂಚು ತುಂಬುವಷ್ಟಿದ್ದರು. ಹಳ್ಳಿಯಿಂದ ಬಂದ ಹುಡುಗರಿಗೆ ಹುಟ್ಟಿದ ದಿನ ಕೊಟ್ಟವರು ಹೆಡ್‌ಮಾಸ್ತರು. 'ದೊಡ್ಡ ಮಳೆ ಬಂದ ವರ್ಷ' ಎಂದು ತಾಯಿ ಹೇಳಿದರೆ, ಅವರು ಶಾಲೆ ಸೇರುವ ವಯಸ್ಸಿಗೆ ಹೊಂದುವ ಹಾಗೆ ಲೆಕ್ಕ ಹಾಕಿ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಫೇಸ್‌ಬುಕ್ ಎಲ್ಲವೂ ಹೆಡ್‌ಮಾಸ್ತರ ಮಾತನ್ನೇ ನಂಬಿದವು. ಹಾಗಾಗಿ ಆ ದಿನ ಬೆಳಗಾದರೆ ರಾಯರ ಫೋನು ಅರ್ಧ ಡಜನ್ ಜನರ ಹುಟ್ಟುಹಬ್ಬ ನೆನಪಿಸುತ್ತದೆ. ಅದರಲ್ಲಿ ಒಬ್ಬ ಪಿಪೆಟ್.

ಪಿಪೆಟ್ ಅಂದರೆ ಬಿಎಸ್ಸಿಯಲ್ಲಿ ರಾಯರ ಲ್ಯಾಬ್ ಜೊತೆಗಾರ. ಉದ್ದ, ಸಣ್ಣ, ನಡುವೆ ಸ್ವಲ್ಪ ಹೊಟ್ಟೆ. ಜಗಳವಿಲ್ಲ, ಮನಸ್ತಾಪವಿಲ್ಲ, ಸುಮ್ಮನೆ ಮಾತು ನಿಂತಿತು. ಚಾಟ್ ತೆರೆದರೆ ಕೊನೆಯ ಸಂದೇಶ ಯಾವುದೋ ದೀಪಾವಳಿಗೆ ರಾಯರೇ ಎಲ್ಲರಿಗೂ ಫಾರ್ವರ್ಡ್ ಮಾಡಿದ ದೀಪದ ಚಿತ್ರ. ಉತ್ತರವಿಲ್ಲ.

ಈ ವರ್ಷವೂ ಬರೆಯಲು ಕೂತರು. ಮೊದಲ ತೊಡಕು ಸಂಬೋಧನೆಯದು. 'ಲೋ ಪಿಪೆಟ್' ಎಂದು ಬರೆದು, ಡಿಪಿ ನೋಡಿದರು. ಸೂಟು, ಹಾರ, ಪಕ್ಕದಲ್ಲಿ ಮಂತ್ರಿಯಂಥ ಯಾರೋ. 'ಲೋ' ಹೋಯಿತು. 'ನಮಸ್ಕಾರ ಸರ್' ಬಂತು. ಬ್ಯುರೆಟ್ ಹಿಡಿದು ನಿಂತು ಒಂದೇ ಬನ್ನನ್ನು ಎರಡು ಮಾಡಿ ತಿಂದವನಿಗೆ ಸರ್ ಅನ್ನುವುದೇ? ಅದೂ ಹೋಯಿತು.

ಎರಡನೆಯದು ಇನ್ನೂ ಕಷ್ಟ. 'ಹೇಗಿದ್ದೀಯಾ? ಈಗ ಎಲ್ಲಿದ್ದೀಯಾ? ಎಷ್ಟು ವರ್ಷ ಆಯ್ತು!' ಎಂದು ಬರೆದು ನನಗೆ ತೋರಿಸಿದರು. ಓದುತ್ತಿದ್ದಂತೆ ನನಗೇ ಎದೆ ಧಸಕ್ ಎಂದಿತು. ನಮ್ಮಲ್ಲಿ ಬಹಳ ವರ್ಷದ ಮೇಲೆ ಕುಶಲ ವಿಚಾರಿಸುವವರು ಮುಂದಿನ ಸಾಲಿನಲ್ಲಿ ಇನ್ಶೂರೆನ್ಸ್ ಪಾಲಿಸಿ, ಚೀಟಿ ಇಲ್ಲವೇ ಸೈಟು ತೆಗೆಯುತ್ತಾರೆ. ಇದು ಎಲ್ಲರಿಗೂ ಗೊತ್ತು. ಪ್ರಶ್ನೆ ಒಂದು ಹೆಚ್ಚಾದಷ್ಟೂ ಓದುವವನ ಕೈ ಜೇಬಿನ ಮೇಲೆ ಹೋಗುತ್ತದೆ. 'ಇಷ್ಟು ದಿನ ಮಾತಾಡದ್ದಕ್ಕೆ ಕ್ಷಮಿಸು' ಎಂದು ಸೇರಿಸಿದರಂತೂ ಸಾಲದ ಮೊತ್ತವೂ ದೊಡ್ಡದೇ ಇರಬೇಕು.

'ಹಾಗಾದರೆ ಕೇಕ್ ಸ್ಟಿಕರ್ ಹಾಕಿಬಿಡ್ಲಾ?' ಎಂದರು. ಸ್ಟಿಕರನ್ನು ಬ್ಯಾಂಕಿನವರೂ ಕಳಿಸುತ್ತಾರೆ. ಪಿಪೆಟ್‌ಗೆ ಮಾತ್ರ ಕಳಿಸಬಹುದಾದ್ದು ಏನಾದರೂ ಇದೆಯಾ ಎಂದೆ. ರಾಯರು ಕನ್ನಡಕ ಹಣೆಗೇರಿಸಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬರೆದದ್ದು ಇಷ್ಟು:

'ಪಿಪೆಟ್, ಹುಟ್ಟುಹಬ್ಬದ ಶುಭಾಶಯ. ನಿನ್ನ ಟೈಟ್ರೇಷನ್ ರೀಡಿಂಗ್ ಕಾಪಿ ಹೊಡೆದು ಪಾಸಾದವನು ನಾನು. ಚೆನ್ನಾಗಿರು.'

ಹೆಸರು ಹೇಳಿಕೊಳ್ಳುವ ಅಗತ್ಯವೇ ಇಲ್ಲ. ನಂಬರ್ ಸೇವ್ ಆಗಿರದಿದ್ದರೂ ಆಳು ಗೊತ್ತಾಗುತ್ತದೆ. ಪ್ರಶ್ನೆಯಿಲ್ಲ, ಆದ್ದರಿಂದ ಉತ್ತರಿಸುವ ಹಂಗೂ ಇಲ್ಲ.

ಕಳಿಸಿದ ಮೇಲೆ ಶುರುವಾಯಿತು ನಿಜವಾದ ಪ್ರಸವವೇದನೆ. ಒಂದೇ ಗೆರೆ ಬಿದ್ದಿತ್ತು. 'ನಂಬರ್ ಬದಲಾಯಿಸಿದ್ದಾನೆ' ಎಂದರು. ಎರಡು ಗೆರೆ ಬಿತ್ತು. 'ನೋಡಿಯೂ ಸುಮ್ಮನಿದ್ದಾನೆ' ಎಂದರು. ಗೆರೆ ಇನ್ನೂ ಬೂದಿ ಬಣ್ಣದಲ್ಲೇ ಇತ್ತು, ನೋಡಿರಲಿಲ್ಲ. 'ಕಾಪಿ ಹೊಡೆದೆ' ಅಂದದ್ದು ಹಗುರವಾಯಿತೇನೋ, ತಿದ್ದಲೇ ಎಂದರು. 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ ಗುರುತು ಪಕ್ಕದಲ್ಲೇ ಕೂರುತ್ತದೆ. ಅಳಿಸಿದರೆ ಅಳಿಸಿದ್ದಾರೆಂಬ ಸಾಲು ಉಳಿಯುತ್ತದೆ. ಇಷ್ಟು ವರ್ಷ ಬಿಟ್ಟು ಬಂದವನು ಒಂದು ಮಾತು ಬರೆದು ಅಳಿಸಿ ಹೋದ ಎಂದರೆ ಪಿಪೆಟ್ ರಾತ್ರಿ ನಿದ್ದೆ ಮಾಡುತ್ತಾನೆಯೇ? ಫೋನನ್ನು ಕಿತ್ತು ಡ್ರಾಯರಿನಲ್ಲಿಟ್ಟೆ.

ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಬಂತು. 'ಲೋ ಕಳ್ಳ! ಥ್ಯಾಂಕ್ಸ್ ಕಣೋ. ಇವತ್ತಿಂದು ಹೆಡ್‌ಮಾಸ್ತರು ಕೊಟ್ಟ ಹುಟ್ಟುಹಬ್ಬ. ಅವ್ವನ ಪ್ರಕಾರ ನಾನು ಹುಟ್ಟಿದ್ದು ಗೌರಿಹಬ್ಬದ ಹಿಂದಿನ ದಿನ. ಅವತ್ತೂ ವಿಶ್ ಮಾಡು. ಅಂದ ಹಾಗೆ ಆ ರೀಡಿಂಗು ನಾನು ಪಕ್ಕದ ಬೆಂಚಿಂದು ನೋಡಿ ಬರೆದಿದ್ದು.'

ನಿಮ್ಮ ಫೋನಿನಲ್ಲೂ ಜೂನ್ ಒಂದರವನೊಬ್ಬ ಇರುತ್ತಾನೆ. ದಿನ ಸುಳ್ಳಾದರೂ ಪರವಾಗಿಲ್ಲ, ಕಳಿಸಿ. ಮಾರುವುದಕ್ಕೆ ಸೈಟು ಇದ್ದರೆ ಮಾತ್ರ ಮುಂದಿನ ವರ್ಷ ನೋಡೋಣ.