ಆಕ್ಷೇಪಣೆ ಏನಿಲ್ಲ, ಆದರೆ…

ನಮ್ಮ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟರು ಯಾರಿಗೂ "ಕೊಡೋದಿಲ್ಲ" ಎಂದವರಲ್ಲ. ಏನು ಕೇಳಿದರೂ ಅವರ ಬಾಯಲ್ಲಿ ಬರುವುದು "ಕೊಡೋಣ" ಎಂಬ ಮಾತೇ. ಹಾಗೆಂದು ಕನ್ನಡಕವನ್ನು ಹಣೆಗೇರಿಸಿ, ನಿಮ್ಮ ಅರ್ಜಿಯನ್ನು ತಿರುವಿ, ಅದರ ಖಾಲಿ ಬೆನ್ನನ್ನು ಓದತೊಡಗಿದರೆಂದರೆ ಅವತ್ತಿನ ಮಟ್ಟಿಗೆ ನಿಮ್ಮ ಕೆಲಸ ಕೆಟ್ಟಿತು ಎಂದೇ ಲೆಕ್ಕ.

ಮೇಜಿನ ಮೇಲೆ ಎಡಕ್ಕೆ ಆವಕ ವಹಿ, ಬಲಕ್ಕೆ ಜಾವಕ ವಹಿ. ನಡುವೆ ಮೊಹರಿನ ಡಬ್ಬಿ, ಅದಕ್ಕೊಂದು ಪುಟ್ಟ ಬೀಗ. ಬೀಗದ ಕೈ ಜನಿವಾರದಲ್ಲೋ ಉಡಿದಾರದಲ್ಲೋ ಇದೆ ಎಂಬ ಚರ್ಚೆ ಸ್ಟಾಫ್ ರೂಮಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಲಂಚ ಮುಟ್ಟುವುದಿಲ್ಲ; ಅರ್ಜಿ ಹಿಡಿದು ಬಂದವರು ಕಾಫಿ ಕೊಡಿಸಿದರೆ ಕುಡಿಯುವುದೂ ಇಲ್ಲ. ಹಾಗಾಗಿ ಅವರನ್ನು ಒಲಿಸಿಕೊಳ್ಳುವ ದಾರಿ ಯಾರಿಗೂ ಗೊತ್ತಿಲ್ಲ.

ಟಿಸಿ, ಬೋನಫೈಡ್, ವ್ಯಾಸಂಗ ಪ್ರಮಾಣ ಪತ್ರ ಇವೆಲ್ಲ ಅವರಿಗೆ ಎಡಗೈ ಕೆಲಸ. ಕಷ್ಟ ಕೊಡುವುದು ಎನ್‌ಒಸಿ. ಸೆಮಿಸ್ಟರ್ ನಡುವೆ ಪರೀಕ್ಷೆಗೋ ಸಂದರ್ಶನಕ್ಕೋ ಹೋಗುತ್ತೇನೆಂದು ಯಾರಾದರೂ ಬಂದರೆ ಅವರು ಮೊದಲು ಕೇಳುವುದು ವಾರ ಯಾವುದೆಂದು.

"ಭಾನುವಾರ ಸಾರ್."

"ಭಾನುವಾರ ನೀನು ಪರೀಕ್ಷೆ ಬರೀತೀಯೋ, ಭತ್ತ ಬಡೀತೀಯೋ, ನಾನ್ಯಾಕಪ್ಪಾ ಆಕ್ಷೇಪಣೆ ಮಾಡಲಿ? ನನಗೂ ಅವತ್ತು ರಜೆ. ಹೋಗಿ ಬರಿ."

ಅರ್ಧ ಜನ ಅಲ್ಲೇ ಕರಗುತ್ತಾರೆ. ಉಳಿಯುವವರು ರೈಲ್ವೆ ಪರೀಕ್ಷೆಯವರು. ಅದು ಕಂಪ್ಯೂಟರ್ ಪರೀಕ್ಷೆ. ಮಂಗಳವಾರವೂ ಬರಬಹುದು, ಶುಕ್ರವಾರವೂ ಬರಬಹುದು, ಕೇಂದ್ರ ಎಲ್ಲಿಯಾದರೂ ಬೀಳಬಹುದು. ಅವರಿಂದ ಪ್ರವೇಶ ಪತ್ರದ ಜೆರಾಕ್ಸ್ ಪಡೆದೇ ಪಡೆಯುತ್ತಾರೆ. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ಒಬ್ಬ ಹುಡುಗ ಹುಬ್ಬಳ್ಳಿಯಲ್ಲಿ ಪರೀಕ್ಷೆ ಎಂದು ಪತ್ರ ಬರೆಸಿಕೊಂಡು ಗೋವಾಕ್ಕೆ ಹೋಗಿದ್ದ. ಅವರಪ್ಪ ಫೋನ್ ಮಾಡಿ ಮಗ ಎಲ್ಲಿ ಎಂದಾಗ ಸೂಪರಿಂಟೆಂಡೆಂಟರು ಜಾವಕ ವಹಿ ನೋಡಿ ಹುಬ್ಬಳ್ಳಿ ಎಂದರು. ಹುಡುಗ ಮಾತ್ರ ಸಮುದ್ರದ ದಂಡೆಯಿಂದ ಸ್ಟೇಟಸ್ ಹಾಕಿದ್ದ. ಅವರ ಒಂದೊಂದು ನಿಯಮದ ಹಿಂದೆಯೂ ಇಂಥ ಒಬ್ಬ ಮಹಾನುಭಾವನಿದ್ದಾನೆ.

ಮೊನ್ನೆ ಅವರ ಮುಂದೆ ಬಂದು ನಿಂತವಳು ಬಿಕಾಂ ಹುಡುಗಿ, ಐದನೇ ಸೆಮಿಸ್ಟರು. ಪಿಯುಸಿ ಆಧಾರದ ಮೇಲೆ ಎಸ್‌ಡಿಎ ಪರೀಕ್ಷೆ ಬರೆದಿದ್ದಳು, ಅಂಕ ಚೆನ್ನಾಗಿಯೇ ಬಂದಿತ್ತು. ಬುಧವಾರ ಬೆಳಿಗ್ಗೆ ಬೆಂಗಳೂರಿನ ಉದ್ಯೋಗ ಸೌಧದಲ್ಲಿ ಮೂಲ ದಾಖಲೆಗಳ ಪರಿಶೀಲನೆ. ಮೂಲ ದಾಖಲೆಗಳಿರುವುದು ಸೂಪರಿಂಟೆಂಡೆಂಟರ ಬೀರುವಿನಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ಎನ್‌ಒಸಿ, ಜೊತೆಗೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ ಬೇಕೆಂದು ಬರೆದುಕೊಂಡು ಬಂದಿದ್ದಳು. ನಾನು ಸಂಬಳದ ಬಿಲ್ಲಿನ ನೆಪದಲ್ಲಿ ಪಕ್ಕದ ಕುರ್ಚಿಯಲ್ಲಿದ್ದೆ.

"ಕೊಡೋಣಮ್ಮ," ಎಂದರು. ಕನ್ನಡಕ ಹಣೆಗೇರಿತು. "ಆದರೆ ಕೆಪಿಎಸ್‌ಸಿಯವರು ನಿನ್ನ ಹತ್ರ ಎನ್‌ಒಸಿ ಕೇಳೋದಿಲ್ಲವಲ್ಲ. ಅದು ಸರ್ಕಾರಿ ಕೆಲಸದಲ್ಲಿರೋರಿಗೆ. ನೀನು ವಿದ್ಯಾರ್ಥಿನಿ."

ಹುಡುಗಿಯ ಮುಖ ಅರಳಿತು. "ಹಾಗಾದ್ರೆ ಬೇಡ್ವಾ ಸಾರ್?"

"ಅವರಿಗೆ ಬೇಡ. ನನಗೆ ಬೇಕು."

ಅದೊಂದು ವಿಚಿತ್ರ. ಪತ್ರ ಕೊಡುವವರೂ ಅವರೇ, ಅದು ಬೇಕಾಗಿರುವುದೂ ಅವರಿಗೇ. ಆದರೆ ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ. ಹುಡುಗಿ ತರಗತಿಯಲ್ಲಿಲ್ಲ, ಹಾಸ್ಟೆಲಿನಲ್ಲಿಲ್ಲ, ಅವಳ ಅಂಕಪಟ್ಟಿ ಬೀರುವಿನಲ್ಲಿಲ್ಲ ಎಂದಾದರೆ ಮೂರಕ್ಕೂ ಕಾರಣ ಹೇಳುವ ಒಂದು ಕಾಗದ ಕಡತದಲ್ಲಿರಬೇಕು.

ಅವಳೂ ಸುಮ್ಮನಿರುವವಳಲ್ಲ. ಕಾಲೇಜುಗಳು ಮೂಲ ದಾಖಲೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆಯಲ್ಲ ಸಾರ್ ಎಂದು ಮೆಲ್ಲಗೆ ಎಸೆದಳು. ಯಾರೋ ಸೀನಿಯರ್ ಹೇಳಿಕೊಟ್ಟಿರಬೇಕು.

ಸೂಪರಿಂಟೆಂಡೆಂಟರಿಗೆ ಸಿಟ್ಟು ಬರಲಿಲ್ಲ. "ನಾವೆಲ್ಲಿ ಇಟ್ಕೊಂಡಿದೀವಮ್ಮ? ಅಡ್ಮಿಷನ್ ದಿವಸ ನೀನು ಬಿಟ್ಟು ಹೋಗಿದೀಯ. ನಾವು ಜೋಪಾನ ಮಾಡಿದೀವಿ."

ಬೀರು ತೆಗೆದು ಅವಳ ಲಕೋಟೆ ಹೊರತೆಗೆದರು. ಎರಡೂ ಅಂಕಪಟ್ಟಿಯ ಜೆರಾಕ್ಸ್ ಕಡತಕ್ಕೆ ಸೇರಬೇಕು. "ಮೂಲ ಪ್ರತಿ ಪಡೆದಿದ್ದೇನೆ, ಪರಿಶೀಲನೆ ಮುಗಿದ ಮೇಲೆ ಹಿಂದಿರುಗಿಸುತ್ತೇನೆ" ಎಂದು ಸಹಿ ಹಾಕಬೇಕು. ಹೀಗೆ ಒಯ್ದ ಒಬ್ಬ ಬೇರೆ ಕಾಲೇಜು ಸೇರಿ, ಅಲ್ಲಿಂದ ಇಲ್ಲಿಗೇ ನೋಟೀಸು ಕೊಡಿಸಿದ್ದನಂತೆ. ನಾನು ಆಗಲೇ ಹೇಳಿದೆನಲ್ಲ, ಎಲ್ಲದರ ಹಿಂದೆಯೂ ಒಬ್ಬನಿದ್ದಾನೆ.

ಲಕೋಟೆ ಕೈಗೆ ಕೊಡುವ ಮುಂಚೆ ಪ್ರವೇಶ ಪತ್ರವನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಬೆರಳಾಡಿಸಿದರು. "ಇಲ್ಲಿ ಇನಿಷಿಯಲ್ ಎರಡಿದೆ, ಅಲ್ಲಿ ಒಂದೇ ಇದೆ. ಎರಡೂ ನಾನೇ ಅಂತ ಅಫಿಡವಿಟ್ ಮಾಡಿಸಿಟ್ಕೋ, ಕೇಳಿದರೆ ಕೊಡು. ಗ್ರಾಮೀಣ ಮೀಸಲಾತಿ ಹಾಕಿದೀಯಾ? ಆ ಸರ್ಟಿಫಿಕೇಟಿಗೆ ಬಿಇಒ ಮೇಲುರುಜು ಆಗಿದೆಯಾ?"

ಆಗಿರಲಿಲ್ಲ. ಮುಖ್ಯೋಪಾಧ್ಯಾಯರ ಸಹಿ ಮಾತ್ರ ಇತ್ತು. ಹುಡುಗಿಯ ಗಂಟಲು ಒಣಗಿದ್ದು ನನಗೂ ಕೇಳಿಸಿತು. ಇವತ್ತು ಗುರುವಾರ, ನಾಳೆಯೇ ಹೋಗಿ ಹಾಕಿಸಿಕೊಂಡು ಬಾ ಎಂದು ಅವಳನ್ನು ಕಳಿಸಿಕೊಟ್ಟರು.

ಅವಳು ಹೊರಗೆ ಹೋಗುತ್ತಿದ್ದಂತೆ ಒಳಗೆ ಬಂದವರು ನಮ್ಮ ಸ್ಟಾಫ್ ರೂಮಿನವರೇ, ಒಬ್ಬ ಕಿರಿಯ ಉಪನ್ಯಾಸಕರು. ಹೊಸ ಅಂಗಿ, ನುಣ್ಣಗಿನ ಕ್ಷೌರ. ಇಂಥದ್ದು ಕಂಡಾಗ ಮದುವೆ ಇಲ್ಲವೇ ಇಂಟರ್‌ವ್ಯೂ ಎಂದು ಊಹಿಸಬಹುದು. ಅನುದಾನಿತ ಕಾಲೇಜಿನ ಹುದ್ದೆಯಲ್ಲಿದ್ದುಕೊಂಡು ಬೇರೊಂದು ಹುದ್ದೆಗೆ ಗುಟ್ಟಾಗಿ ಅರ್ಜಿ ಹಾಕಿದ್ದರು. ಈಗ ಸಂದರ್ಶನದ ಪತ್ರ ಬಂದಿದೆ, ಎನ್‌ಒಸಿ ತರಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ. ಹುಡುಗಿಗೆ ಬೇಡವಾದದ್ದು ಇವರಿಗೆ ನಿಜವಾಗಿಯೂ ಬೇಕಿತ್ತು.

"ಅರ್ಜಿ ಹಾಕೋವಾಗ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿದೀರಾ ಸಾರ್?"

ತಿಳಿಸಿರಲಿಲ್ಲ. ಯಾಕೆ ತಿಳಿಸಲಿಲ್ಲ ಎಂಬುದು ಮೂವರಿಗೂ ಗೊತ್ತು. ತಿಳಿಸಿದ ಮಾರನೇ ದಿನವೇ ಆಡಳಿತ ಮಂಡಳಿಯ ಕಣ್ಣಿಗೆ ನೀವು ಬಿಟ್ಟು ಹೋದವರು, ಮುಂದಿನ ವೇಳಾಪಟ್ಟಿಯಲ್ಲಿ ಒಳ್ಳೆಯ ಪೇಪರು ಇನ್ನೊಬ್ಬರ ಪಾಲು, ಸಿಕ್ಕದೆ ಹಿಂದೆ ಬಂದರೆ ಕ್ಯಾಂಟೀನಿನವನೂ "ಏನಾಯ್ತು ಸಾರ್ ಅದು?" ಎನ್ನುತ್ತಾನೆ. ಆದ್ದರಿಂದ ಅವರು ಬಗ್ಗಿ ಪಿಸುಗುಟ್ಟಿದರು: ಅರ್ಜಿಯ ಕೊನೆಯ ದಿನಾಂಕಕ್ಕಿಂತ ಹಿಂದಿನ ತಾರೀಕು ಹಾಕಿ ಒಂದು ಪತ್ರ ಮಾಡಿಕೊಡಲಾದೀತೇ?

ಸೂಪರಿಂಟೆಂಡೆಂಟರು ಮಾತಾಡದೆ ಜಾವಕ ವಹಿಯನ್ನು ತೆರೆದು ಅವರ ಕಡೆ ತಿರುಗಿಸಿದರು. ಆ ತಾರೀಕಿನ ಪುಟದಲ್ಲಿ 213, 214, 215. ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ. ಕೆಲವು ಕಚೇರಿಗಳಲ್ಲಿ ಮುಂದಾಲೋಚನೆಯಿಂದ ಒಂದೆರಡು ನಂಬರು ಖಾಲಿ ಬಿಡುತ್ತಾರೆ. ಬಿಡದವರು 214ರ ಕೆಳಗೆ 214ಎ ಎಂದು ತುರುಕುತ್ತಾರೆ. "ಆ 'ಎ' ಇದೆಯಲ್ಲ ಸಾರ್, ಆಡಿಟ್‌ನವರು ಪುಟ ತೆಗೆದ ಕೂಡಲೇ ಅದರ ಮೇಲೇ ಬೆರಳಿಡ್ತಾರೆ. ನಿಮ್ಮ ಕೆಲಸವೂ ಹೋಗುತ್ತೆ, ನನ್ನ ಪೆನ್ಷನ್ನೂ ಹೋಗುತ್ತೆ. ಇವತ್ತಿನ ತಾರೀಕಿಗೇ ಕೊಡಿ. ಆಡಳಿತ ಮಂಡಳಿಗೆ ಟಿಪ್ಪಣಿ ನಾನು ಇಡ್ತೀನಿ. ಕೇಳಿದ್ದು ತಡವಾಯ್ತು ಅಂತ ಬೈತಾರೆ, ಬೈಸ್ಕೊಳಿ."

ಶುಕ್ರವಾರ ಸಂಜೆ ಹುಡುಗಿ ಬಿಇಒ ಮೇಲುರುಜು ಹಿಡಿದು ಬಂದಳು. ಪತ್ರ ಟೈಪಾಗಿತ್ತು: ಎಸ್‌ಎಸ್‌ಎಲ್‌ಸಿಯಲ್ಲಿರುವಂತೆ ಹೆಸರು, ನೋಂದಣಿ ಸಂಖ್ಯೆ, ತರಗತಿ, ಎಲ್ಲಿಗೆ, ಯಾವ ದಿನ. ಬಾಕಿ ಇದ್ದದ್ದು ಪ್ರಾಂಶುಪಾಲರ ಸಹಿ. ಪ್ರಾಂಶುಪಾಲರು ಓಓಡಿ. ನಮ್ಮ ಪ್ರಾಂಶುಪಾಲರು ಕಾಲೇಜಿನಲ್ಲಿದ್ದರೆ ಅದೇ ಸುದ್ದಿ. ಪ್ರಭಾರಿಗಳು ಎಂಟು ದಿನದ ರಜೆಯನ್ನಾದರೂ ಮಂಜೂರು ಮಾಡಿಯಾರು, ಎನ್‌ಒಸಿಗೆ ಮಾತ್ರ ಪೆನ್ನು ತೆಗೆಯುವುದಿಲ್ಲ. ಒಮ್ಮೆ ಹೀಗೆಯೇ ಕಾದು ಸಾಕಾಗಿ ಒಬ್ಬ ಹುಡುಗ ಪತ್ರವಿಲ್ಲದೆ ಹೋಗಿ ಪರೀಕ್ಷೆ ಬರೆದು ಬಂದ. ಅವನ ಎನ್‌ಒಸಿ ಸಹಿಯಾಗಿ ಬಂದದ್ದು ಫಲಿತಾಂಶದ ಹಿಂದೆ. ಈ ಸಲ ಸೂಪರಿಂಟೆಂಡೆಂಟರು ಶನಿವಾರ ಬೆಳಿಗ್ಗೆಯೇ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಪ್ರಾಂಶುಪಾಲರ ಮನೆಗೇ ಹೋಗಿ ಸಹಿ ತಂದರು. ಕಚೇರಿಗೆ ಬಂದು ಡಬ್ಬಿಯ ಬೀಗ ತೆಗೆದು, ಸಹಿಯ ಬಾಲಕ್ಕೆ ತಾಗಿಯೂ ತಾಗದಂತೆ ಮೊಹರು ಒತ್ತಿದರು.

ಹುಡುಗಿ ಓದಿದಳು. ಅರ್ಜಿಯಲ್ಲಿ ಐದು ದಿನ ಕೇಳಿದ್ದಳು, ಪತ್ರದಲ್ಲಿದ್ದದ್ದು ಬುಧವಾರ ಒಂದೇ. ಕೊನೆಯ ಸಾಲು ಇನ್ನೂ ಕೆಟ್ಟದ್ದು: "ಈ ಪತ್ರವು ಹಾಜರಾತಿ ವಿನಾಯಿತಿಗೆ ಅನ್ವಯಿಸುವುದಿಲ್ಲ."

"ಸಾರ್, ಹೋಗೋಕೆ ಆಕ್ಷೇಪಣೆ ಇಲ್ಲ ಅಂತೀರ, ಹೋದ್ರೆ ಆಬ್ಸೆಂಟ್ ಅಂತೀರ!"

"ಹೌದಮ್ಮ. ಎನ್‌ಒಸಿ ಬೇರೆ, ಹಾಜರಾತಿ ಬೇರೆ. ರಿಜಿಸ್ಟರಿನಲ್ಲಿ ಎ ಅಂತಾನೇ ಬರೀತಾರೆ." ಎಂದವರು ಅವಳ ಹಳೇ ಅರ್ಜಿಯನ್ನು ತಿರುವಿ ತೋರಿಸಿದರು. ಆ ಖಾಲಿ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಲೆಕ್ಕವಿತ್ತು. ಆದಾಯ ತೆರಿಗೆ ಪೇಪರಿಗೆ ಸೆಮಿಸ್ಟರಿಗೆ 60 ಗಂಟೆ. ಶೇಕಡಾ 75 ಎಂದರೆ 45 ಇರಲೇಬೇಕು, ತಪ್ಪಿಸಿಕೊಳ್ಳಬಹುದಾದದ್ದು 15. ಜ್ವರಕ್ಕೂ ಅಕ್ಕನ ಮದುವೆಗೂ ಸೇರಿ ಆಗಲೇ 12 ಹೋಗಿದೆ. ಮಂಗಳವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಗಂಟೆ ಆ ಪಾಠವಿದೆ. ಐದು ದಿನ ಹೋದರೆ ಉಳಿಯುವುದು 44, ಅಂದರೆ ಶೇಕಡಾ 73 ಚಿಲ್ಲರೆ. ನೌಕರಿ ಸಿಕ್ಕೀತೋ ಇಲ್ಲವೋ, ಸೆಮಿಸ್ಟರ್ ಪರೀಕ್ಷೆಗಂತೂ ಕೂರಿಸುವುದಿಲ್ಲ.

"ಮಂಗಳವಾರ ಪಾಠ ಮುಗಿಸಿ ರಾತ್ರಿ ಬಸ್ಸಿಗೆ ಹೋಗು. ಬುಧವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಗುರುವಾರ ಬೆಳಿಗ್ಗೆ ಇಲ್ಲಿರ್ತೀಯ. ಹೋಗೋದು ಒಂದೇ ಗಂಟೆ, ಇನ್ನೂ ಎರಡು ಕೈಯಲ್ಲಿರುತ್ತೆ. ಬೆಂಗಳೂರಲ್ಲಿ ಅತ್ತೆ ಮನೆ ಇದೆ ಅಂತ ಐದು ದಿನ ಬರೆದಿದೀಯಲ್ಲ, ಅತ್ತೆ ಮನೆಗೆ ಎನ್‌ಒಸಿ ಕೊಡೋ ಅಧಿಕಾರ ನಮಗಿಲ್ಲ."

ಹುಡುಗಿ ನಕ್ಕುಬಿಟ್ಟಳು. ಸಹಿ ಹಾಕಿ ಲಕೋಟೆ ತೆಗೆದುಕೊಂಡು, ಕೆಲಸ ಸಿಕ್ಕರೆ ಮೊದಲು ನಿಮಗೇ ಸಿಹಿ ಸಾರ್ ಎಂದಳು.

"ಸಿಹಿ ಬೇಡಮ್ಮ," ಎಂದರು ಸೂಪರಿಂಟೆಂಡೆಂಟರು, ಡಬ್ಬಿಗೆ ಬೀಗ ಹಾಕುತ್ತಾ. "ಸಿಕ್ಕರೆ ಟಿಸಿಗೆ ಅಂತ ಬರ್ತೀಯಲ್ಲ, ಆಗ ಲೈಬ್ರರಿ ನೋ ಡ್ಯೂ ಮಾಡಿಸ್ಕೊಂಡೇ ಬಾ. ಅಕೌಂಟೆನ್ಸಿ ಪುಸ್ತಕ ಒಂದು ನಿನ್ನ ಹೆಸರಲ್ಲೇ ಇದೆ."