ಬಕೆಟ್ಟು, ಚೊಂಬು ಮತ್ತು ಮಗರಾಯನ ಮಳೆ

ನಮ್ಮ ಪಕ್ಕದ ಮನೆ ಬಚ್ಚಲಿನ ವಿಷಯ ನಿಮಗೆ ಗೊತ್ತೇ ಇದೆಯಲ್ಲ, ಇಡೀ ಬೀದಿಗೇ ಗೊತ್ತು. ಹನುಮಂತನಗರದ ಈ ಹಳೇ ಮನೆಗಳಲ್ಲಿ ಕಾಂಪೌಂಡ್ ಗೋಡೆ ಅನ್ನೋದು ಹೆಸರಿಗಷ್ಟೇ. ಅವರ ಬಚ್ಚಲ ಕಿಟಕಿ ನಮ್ಮ ಕರಿಬೇವಿನ ಗಿಡದ ಕಡೆಗೇ ತೆರೆಯುತ್ತೆ. ಅಲ್ಲಿ ಅಕ್ಕ ಕೆಮ್ಮಿದರೆ ಇಲ್ಲಿ ನಾನು ಬಿಸಿನೀರು ಕುಡೀರಿ ಅನ್ನೋಷ್ಟು ಹತ್ತಿರ. ಹಾಗಾಗಿ ನಾನು ಕದ್ದು ಕೇಳಿಸಿಕೊಂಡೆ ಅನ್ನೋ ಹಾಗಿಲ್ಲ, ಅಲ್ವಾ?

ಮಗನ ವಯಸ್ಸು ನಲವತ್ತೊಂದು. ಅವನನ್ನು ಅಕ್ಕ ಈಗಲೂ ಕರೆಯೋದು ಪುಟ್ಟ ಅಂತ. ಆ ಪುಟ್ಟ ಒಂದು ಭಾನುವಾರ ಊಟದ ತಟ್ಟೆಯಷ್ಟು ಅಗಲದ ಶವರ್ ಹಿಡಿದುಕೊಂಡು ಬಂದ. 8 ಇಂಚಿನದು, ಥಳಥಳ ಹೊಳೀತಿತ್ತು. ಹಿಂದೆಯೇ ಪ್ಲಂಬರ್.

"ಅಮ್ಮ, ಈ ಬಕೆಟ್ಟು ಚೊಂಬು ಇವತ್ತಿಗೆ ಸಾಕು. ಇನ್ಮೇಲೆ ನಿನ್ನ ತಲೆ ಮೇಲೆ ಮಳೆ ಸುರಿದ ಹಾಗೆ ನೀರು ಬೀಳುತ್ತೆ."

"ತಲೆ ಮೇಲೇನಾ?" ಅಂದರು ಅಕ್ಕ. "ದಿನಾ?"

ಆ ಒಂದು ಪ್ರಶ್ನೆಯಲ್ಲೇ ಅರ್ಧ ವ್ಯಾಜ್ಯ ಇತ್ತು ನೋಡಿ. ಗಂಡಸರಿಗೆ ಇದು ಹೊಳೆಯೋದೇ ಇಲ್ಲ. ನಮ್ಮಲ್ಲಿ ಸ್ನಾನ ಅಂದರೆ ಎರಡು ತರ. ಮೈಗೆ ಹಾಕ್ಕೊಳ್ಳೋದು ದಿನಾ, ತಲೆಗೆ ಹಾಕ್ಕೊಳ್ಳೋದು ವಾರಕ್ಕೆ ಒಂದೋ ಎರಡೋ ಸಲ. ಚೊಂಬಿಗೆ ಈ ವ್ಯತ್ಯಾಸ ಗೊತ್ತು, ಭುಜದಿಂದ ಕೆಳಗೆ ಅಂದರೆ ಭುಜದಿಂದ ಕೆಳಗೇ. ಗೋಡೆಗೆ 7 ಅಡಿ ಮೇಲೆ ನೆಟ್ಟ ಶವರ್‌ಗೆ ಏನು ಗೊತ್ತು? ಮಂಡಿಯವರೆಗೆ ಜಡೆ ಇಲ್ಲದಿದ್ದರೂ ಆ ವಯಸ್ಸಿನಲ್ಲಿ ಒದ್ದೆ ತಲೆ ಒಣಗಿಸೋಕೆ ಒಂದು ಗಂಟೆ ಬೇಕು, ಮಳೆಗಾಲದಲ್ಲಿ ಎರಡು. ಮಗ ಅದಕ್ಕೂ ಪರಿಹಾರ ತಂದಿದ್ದ: ಒಂದು ಪ್ಲಾಸ್ಟಿಕ್ ಟೋಪಿ. ಅಕ್ಕ ಅದನ್ನ ತಿರುಗಿಸಿ ಮುರುಗಿಸಿ ನೋಡಿ, ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಿಟ್ಟರು. ಸರಿಯಾಗಿ ಕೂತಿದೆ, ಈಗಲೂ ಅಲ್ಲೇ ಇದೆ.

ಇರಲಿ, ಶವರ್ ಏರಿತು. ಮಗ ತಾನೇ ಮೊದಲು ಉದ್ಘಾಟನೆ ಮಾಡ್ತೀನಿ ಅಂತ ಟವೆಲ್ ಸುತ್ತಿಕೊಂಡು ಹೋದ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿಂದ, "ಅಮ್ಮಾ, ಟ್ಯಾಂಕಲ್ಲಿ ನೀರಿಲ್ವಾ?"

ಟ್ಯಾಂಕ್ ತುಂಬಿ ತುಳುಕುತ್ತಿತ್ತು. ಕೆಳಗೆ ನಲ್ಲಿ ತಿರುಗಿಸಿದರೆ ಭರ್ರೋ ಅಂತ ಬರುತ್ತೆ, ಶವರಲ್ಲಿ ಮಾತ್ರ ಹಳೇ ಹೆಂಚಿನ ಮನೆ ಸೋರಿದ ಹಾಗೆ ತೊಟ್ಟು, ತೊಟ್ಟು. ಇದು ಹೇಗೆ ಅಂತ ನನಗೂ ಆಶ್ಚರ್ಯ. ಪ್ಲಂಬರ್ ಬೀಡಿ ಆರಿಸಿ ಕೈಯಲ್ಲೇ ಲೆಕ್ಕ ತೋರಿಸಿದ. ತಾರಸಿ 10 ಅಡಿ ಎತ್ತರ, ಅದರ ಮೇಲೆ 4 ಅಡಿ ಕಟ್ಟೆ, ಕಟ್ಟೆ ಮೇಲೆ ಟ್ಯಾಂಕು. ನೆಲದಿಂದ 2 ಅಡಿಯಲ್ಲಿರೋ ನಲ್ಲಿಗೆ ಆ ನೀರು 12 ಅಡಿ ಕೆಳಗೆ ಇಳಿದು ಬರುತ್ತೆ. 7 ಅಡಿಯಲ್ಲಿರೋ ಶವರಿಗೆ ಬರೀ 7 ಅಡಿ. ನೀರಿನ ಒತ್ತಡ ಅನ್ನೋದು ಈ ಇಳಿತದ ಲೆಕ್ಕವೇ ಹೊರತು ಟ್ಯಾಂಕ್ ಎಷ್ಟು ದೊಡ್ಡದು ಅನ್ನೋದರ ಲೆಕ್ಕ ಅಲ್ಲವಂತೆ. ಒಂದು ಬಾರ್ ಒತ್ತಡ ಬೇಕು ಅಂದರೆ ಸುಮಾರು 33 ಅಡಿ ಇಳಿಬೇಕು. ಇಂಥ ತಟ್ಟೆಯಗಲದ ಶವರ್‌ಗಳು ಕೇಳೋದು ಸಾಮಾನ್ಯವಾಗಿ ಅಷ್ಟನ್ನ. ನಮ್ಮಲ್ಲಿರೋದು ಅದರ ಐದನೇ ಒಂದು ಪಾಲು. ಆ ಒಂದು ಪಾಲನ್ನೂ ನೂರಾರು ತೂತಿಗೆ ಹಂಚಿದರೆ ಒಂದೊಂದಕ್ಕೆ ಸಿಗೋದೇನು? ಪಂಕ್ತಿ ದೊಡ್ಡದು, ಪಾಯಸ ಒಂದೇ ಸೌಟು ಅಂದ ಹಾಗೆ.

"ಪ್ರೆಷರ್ ಪಂಪ್ ಹಾಕಿಸೋಣ" ಅಂದ ಮಗ.

"ಹಾಕಬಹುದು ಸಾರ್. ಆದರೆ ಗೋಡೆ ಒಳಗಿರೋದು ನಿಮ್ಮ ತಂದೆ ಕಾಲದ ಜಿಐ ಪೈಪು. ತಳ್ಳಿದರೆ ಎಲ್ಲಿ ತೂತು ಬೀಳುತ್ತೋ ಗೊತ್ತಿಲ್ಲ. ಮೇಲಿರೋ ಸೋಲಾರ್ ಬೇರೆ ಗಾಜಿನ ಕೊಳವೆಯದು, ಅದರ ಟ್ಯಾಂಕ್ ಒತ್ತಡ ತಡೆಯೋದಲ್ಲ. ಪಂಪನ್ನ ಅದರ ಮುಂಚೆ ಕೂರಿಸೋ ಹಾಗಿಲ್ಲ, ದಾಟಿದ ಮೇಲೆ ಕೂರಿಸಬೇಕು."

ಕೊನೆಗೆ ಆ ತಟ್ಟೆ ಇಳಿಸಿ ಅಂಗೈಯಗಲದ ಚಿಕ್ಕದೊಂದು ಹಾಕಿದರು. ತೂತು ಕಮ್ಮಿ, ಹಾಗಾಗಿ ಅದೇ ನೀರು ಸ್ವಲ್ಪ ರಭಸವಾಗಿ ಬಂತು. ಬಿಸಿ ತಣ್ಣೀರು ಬೆರೆಸೋಕೆ ಗೋಡೆಗೆ ಮಿಕ್ಸರ್. "ಮಿಕ್ಸರ್ ಇರಬೇಕಾದ್ದು ಅಡುಗೆಮನೇಲಿ" ಅಂತ ಅಕ್ಕ ಒಂದು ಮಾತು ಅಂದು ಸುಮ್ಮನಾದರು.

ನನ್ನನ್ನ ಕೇಳಿದರೆ ನಾನು ಹಂಡೆ ಪಕ್ಷ. ನಮ್ಮೂರು ಕೊಪ್ಪದ ಕಡೆ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುರುಕಿ, ತಾಮ್ರದ ಹಂಡೆಯಲ್ಲಿ ನೀರು ಕುದಿಸಿ, ಮೈಗೆಲ್ಲ ಹೊಗೆ ವಾಸನೆ ಹತ್ತಿಸಿಕೊಂಡು ಹೊರಗೆ ಬಂದರೇನೇ ಸ್ನಾನ. ದೀಪಾವಳಿಗೆ ನೀರು ತುಂಬೋ ಹಬ್ಬದ ದಿನ ಆ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಶೇಡಿ ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತಿದ್ವಿ. ಶವರಿನ ಕತ್ತಿಗೆ ಬಳ್ಳಿ ಸುತ್ತಿದರೆ ಹೇಗಿರುತ್ತೆ, ನೀವೇ ಯೋಚನೆ ಮಾಡಿ. ಅಂದಹಾಗೆ ಎಣ್ಣೆ ಸ್ನಾನದ ದಿನ ಸೀಗೆಪುಡಿ ಕಲಸೋಕೆ, ಕಣ್ಣು ಮುಚ್ಚಿಕೊಂಡು ತಡಕಾಡೋಕೆ ಒಂದು ಚೊಂಬು ಬೇಡವಾ? ಎಲ್ಲಿಗೋ ಹೋದೆ ನೋಡಿ.

ಎರಡು ವಾರ ಕಳೀತು. ಮಗ ಶವರ್, ತಾಯಿ ಬಕೆಟ್ಟು. ಒಂದು ದಿನ ಬೆಳಿಗ್ಗೆ ಅಕ್ಕನ ದನಿ ಜೋರಾಯ್ತು.

"ಎಷ್ಟು ಹೊತ್ತೋ ಅದು? ಕಾವೇರಿ ತಾಯಿ ಹತ್ತಿ ಹತ್ತಿ ಬಂದಿರೋದು ನಿನ್ನ ಬೆನ್ನು ತಿಕ್ಕೋಕಾ?"

ಮಾತು ಸುಳ್ಳಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಅದೂ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿಸಿಕೊಂಡು ಬರೋ ನೀರದು. 2024ರ ಬೇಸಿಗೆ ನೆನಪಿದೆಯಲ್ಲ? ಕುಡಿಯೋ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂದಿದ್ದರು. ಆಗ ಅಕ್ಕ ಅಕ್ಕಿ ತೊಳೆದ ನೀರನ್ನೂ ಅಳೆದು ಗಿಡಕ್ಕೆ ಹಾಕಿದವರು.

"ಅಮ್ಮ, ಶವರಲ್ಲೇ ನೀರು ಕಮ್ಮಿ ಖರ್ಚಾಗೋದು, ಓದಿದೀನಿ."

"ಓದೋದು ಯಾಕೆ? ಬಕೆಟ್ ಇಡು, ನೋಡೇ ಬಿಡೋಣ."

ಇಟ್ಟರು. ಗೋಡೆ ಈಚೆಯಿಂದ ಗಡಿಯಾರ ನೋಡಿದವಳು ನಾನೇ. ಅಕ್ಕನ ಬಕೆಟ್ಟು ತುಂಬಿದರೆ 18 ಲೀಟರ್. ಶವರಿನ ಅಡಿಯಲ್ಲಿ ಇಟ್ಟಾಗ ತುಂಬೋಕೆ 3 ನಿಮಿಷ ಹಿಡೀತು. ನಿಮಿಷಕ್ಕೆ 6 ಲೀಟರ್ ಅಂತಾಯ್ತು. ಒತ್ತಡ ಚೆನ್ನಾಗಿರೋ ಮನೆಗಳಲ್ಲಿ ಇದಕ್ಕಿಂತ ಜಾಸ್ತಿ ಇರುತ್ತೆ, ನಮ್ಮದು ಬಡ ಶವರ್. ಮಗರಾಯ ಒಳಗಿರೋದು 11 ನಿಮಿಷ, ಅದರಲ್ಲಿ 4 ನಿಮಿಷ ಸುಮ್ಮನೆ ನಿಂತು ಯೋಚನೆ. 66 ಲೀಟರ್.

"ಇನ್ನೂ ಇದೆ" ಅಂದರು ಅಕ್ಕ. "ಬಿಸಿನೀರು ಬರೋ ತನಕ ಬಿಟ್ಯಲ್ಲ, ಅದು?"

ಇದು ನೋಡಿ, ನನಗೆ ಹೊಳೆದೇ ಇರಲಿಲ್ಲ. ತಾರಸಿ ಸೋಲಾರಿನಿಂದ ಬಚ್ಚಲಿಗೆ 50 ಅಡಿ ಮುಕ್ಕಾಲು ಇಂಚಿನ ಪೈಪು. ರಾತ್ರಿಯೆಲ್ಲ ಅದರಲ್ಲಿ ನಿಂತು ತಣ್ಣಗಾದ ನೀರೇ ಸುಮಾರು 5 ಲೀಟರ್. ತಣ್ಣಗಿರೋ ಪೈಪು ಬಿಸಿಯಾಗೋಕೆ ಇನ್ನೊಂದು ಲೀಟರ್. ಬಕೆಟ್ ಸ್ನಾನದಲ್ಲಿ ಆ ತಣ್ಣೀರು ಎಲ್ಲೂ ಹೋಗಲ್ಲ, ತಳದಲ್ಲಿ ಕೂರುತ್ತೆ. ಅದರ ಮೇಲೆ ಬಿಸಿ ಬಿದ್ದು ಹದವಾಗುತ್ತೆ. ಶವರಲ್ಲಾದರೆ ಮೂಲೆಗೆ ಒತ್ತಿ ನಿಂತು, ಕೈ ಮಾತ್ರ ಚಾಚಿ, ಬಿಸಿ ಬಂತಾ ಬಂತಾ ಅಂತ ನೋಡ್ತಾ ಅಷ್ಟನ್ನೂ ಮೋರಿಗೆ ಬಿಡೋದು. ಒಟ್ಟು 72 ಲೀಟರ್. ಸರಿಯಾಗಿ ನಾಲ್ಕು ಬಕೆಟ್ಟು! ಅಕ್ಕ ನಾಲ್ಕು ಬೆರಳು ಎತ್ತಿ ಕಿಟಕಿಯಿಂದ ನನಗೂ ತೋರಿಸಿದರು.

ಮಗನೂ ಸೋಲೋ ಪೈಕಿ ಅಲ್ಲ, ತಾಯಿ ಹೊಟ್ಟೇಲೇ ಹುಟ್ಟಿದವನು ತಾನೆ. ಮಾರನೇ ದಿನ ಒಂದು ನಿಮಿಷ ಮೈ ನೆನೆಸಿಕೊಂಡ, ನಿಲ್ಲಿಸಿದ, ಸೋಪು ಹಚ್ಚಿದ, ಎರಡು ನಿಮಿಷದಲ್ಲಿ ತೊಳಕೊಂಡು ಬಂದ. "ಮೂರೇ ನಿಮಿಷ! 18 ಲೀಟರ್! ನಿನ್ನಷ್ಟೇ!"

"ನನ್ನಷ್ಟೇ ಆಗೋಕೆ ಅಷ್ಟು ದುಡ್ಡು ಯಾಕೆ ಸುರಿದೆ ಪುಟ್ಟ?"

ಅದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ ಅಂದುಕೊಂಡೆ. ಇತ್ತು. ಸಂಜೆ ಗೋಡೆ ಹತ್ತಿರ ನಿಂತು ನನ್ನ ಕಿವಿಗೆ ಹಾಕಿದ. "ಆಂಟಿ, ಹೋದ ತಿಂಗಳು ತುಂಬಿದ ಬಕೆಟ್ ಎಳೆಯೋಕೆ ಹೋಗಿ ಅಮ್ಮಂಗೆ ಸೊಂಟ ಹಿಡಕೊಂಡು ಮೂರು ದಿನ ಮಲಗಿದ್ದಳು. ಅದನ್ನ ಹೇಳಿದರೆ, ನನಗೇನೂ ಆಗಿಲ್ಲ ಅಂತ ಬೇಕಂತಲೇ ಇನ್ನೂ ದೊಡ್ಡ ಬಕೆಟ್ ತಗೋತಾಳೆ. ನಿಮಗೆ ಗೊತ್ತಲ್ಲ ಅವಳ ಹಟ."

ಗೊತ್ತಿಲ್ಲದೆ ಏನು. ನಾನು ಸುಮ್ಮನಿದ್ದೆ. ಹೇಳಬೇಕಿತ್ತೋ ಏನೋ.

ಅಷ್ಟರಲ್ಲಿ ಶವರೇ ಕೈಕೊಟ್ಟಿತು. ನಮ್ಮದು ಕಾವೇರಿ ಜೊತೆ ಬೋರ್‌ವೆಲ್ ಸೇರಿದ ಗಡಸು ನೀರಲ್ಲವಾ, ತೂತಿನ ಬಾಯಲ್ಲಿ ಬಿಳೀ ಸುಣ್ಣ ಕಟ್ಟುತ್ತಾ ಬಂತು. ಮೊದಲು ಒಂದೆರಡು ಎಳೆ ನೀರು ಓರೆಯಾಗಿ ಹಾರುತ್ತೆ, ಅದೇ ಗುರುತು. ಆಮೇಲೆ ಒಂದು ಎಳೆ ನೇರ ಟವೆಲಿಗೆ, ಒಂದು ಎಳೆ ಬಾಗಿಲಿಗೆ, ಮೈಗೆ ಮಾತ್ರ ಇಲ್ಲ. ಮಗ ಹೊಸದು ತರಿಸ್ತೀನಿ ಅಂದ. ಅಕ್ಕ ಮಾತಾಡದೆ ಶವರಿನ ಮುಖ ಬಿಚ್ಚಿಸಿ ಇಳಿಸಿಕೊಂಡು, ಹುಣಸೆಹಣ್ಣು ಕಿವುಚಿದ ನೀರಲ್ಲಿ ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ ಕೊಟ್ಟರು. ಸುಣ್ಣಕ್ಕೆ ಹುಳಿ ಕಂಡರೆ ಆಗಲ್ಲ, ವಿನೆಗರ್ ಇದ್ದರೆ ಇನ್ನೂ ಬೇಗ ಬಿಡುತ್ತೆ. ಹಂಡೆಗೆ ಮಾಡುತ್ತಿದ್ದ ಉಪಚಾರ ಶವರಿಗೆ ಸಿಕ್ಕಿತು. ಹೊಳಪು ಚೂರು ಮಂಕಾಯ್ತು, ನೀರು ನೆಟ್ಟಗೆ ಬಂತು.

ಅಷ್ಟೆಲ್ಲ ಮಾಡಿಕೊಟ್ಟರೂ ತಾವು ಮಾತ್ರ ಶವರಿನ ಕೆಳಗೆ ನಿಲ್ಲಲ್ಲ. ಒಂದು ಸಲ ನಾನೇ ಕೇಳಿದೆ, "ಯಾಕಕ್ಕ, ಅಷ್ಟೊಂದು ದ್ವೇಷ?"

"ದ್ವೇಷ ಏನೂ ಇಲ್ವೇ. ಅದಕ್ಕೆ ಮುಗಿಯೋ ಸದ್ದಿಲ್ಲ."

ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಗಂಡ, ಮಗ ಯಾರೇ ಸ್ನಾನಕ್ಕೆ ಹೋಗಲಿ, ಅಕ್ಕ ಒಲೆ ಮುಂದೆ ನಿಂತು ಕಿವಿ ಬಚ್ಚಲ ಕಡೆ ಇಟ್ಟಿರುತ್ತಿದ್ದರಂತೆ. ಬಕೆಟ್ ತುಂಬಿದ್ದಾಗ ಚೊಂಬಿನ ಸದ್ದು ಗುಳುಂ. ಅರ್ಧಕ್ಕೆ ಬಂದಾಗ ಚಳಕ್. ತಳ ಕೆರೆದು ಗರಕ್ ಅಂತು ಅಂದರೆ ಕಾವಲಿ ಮೇಲೆ ಹಿಟ್ಟು. ಮೈ ಒರೆಸಿಕೊಂಡು ಬಂದು ಕೂರೋ ಹೊತ್ತಿಗೆ ದೋಸೆ ತಟ್ಟೆಗೆ. ನಲವತ್ತು ವರ್ಷ ಹೀಗೇ. ಈ ಶವರು ಶುರುವಾದಾಗಲೂ ಸೊರ್ರೋ, ಮುಗಿಯೋವಾಗಲೂ ಸೊರ್ರೋ. ಶವರ್ ಬಂದಾಗಿನಿಂದ ಮಗ ಒಂದೋ ತಣ್ಣಗಿನ ದೋಸೆ ತಿನ್ನೋದು, ಇಲ್ಲಾ ಕಾಯೋದು.

ಈ ಸಲ ನಾನು ಸುಮ್ಮನಿರಲಿಲ್ಲ. ಎರಡು ಮಾತನ್ನೂ ಗೋಡೆ ದಾಟಿಸಿದೆ, ಇದನ್ನ ಅವನಿಗೆ, ಅದನ್ನ ಇವರಿಗೆ. ಚಾಡಿ ಅಂತೀರಾ? ಅನ್ನಿ.

ಈಗ ಶವರಿನ ಅಡಿಯಲ್ಲೇ ಸ್ಟೂಲು, ಸ್ಟೂಲ್ ಮೇಲೆ ಬಕೆಟ್ಟು. ಅಕ್ಕ ಬಗ್ಗೋ ಹಾಗಿಲ್ಲ, ಎಳೆಯೋ ಹಾಗೂ ಇಲ್ಲ, ಶವರಿಂದಲೇ ಬಕೆಟ್ ತುಂಬಿಸಿಕೊಂಡು ಚೊಂಬಲ್ಲಿ ಹಾಕ್ಕೋತಾರೆ. ಮಗ ಬಿಸಿನೀರು ಬರೋ ತನಕ ತಣ್ಣೀರನ್ನ ಅದಕ್ಕೇ ಹಿಡಿದು, ಶವರಲ್ಲಿ ಮಿಂದು, ಕೊನೆಗೆ ಆ 6 ಲೀಟರನ್ನ ಚೊಂಬಲ್ಲಿ ಎತ್ತಿ ಎತ್ತಿ ಕಾಲಿಗೆ ಹುಯ್ಕೋತಾನೆ. ಇವತ್ತು ಬೆಳಿಗ್ಗೆ ಕರಿಬೇವು ಕೀಳ್ತಾ ನಿಂತಿದ್ದೆ, ಒಳಗಿಂದ ಗರಕ್ ಅಂತು. ಹಿಂದೆಯೇ ಅಡುಗೆಮನೆಯಿಂದ ಚುಂಯ್.