ಮಿಸೆಸ್ ರಾಮಯ್ಯ ಯಾರು?

1984ರ ಜುಲೈನಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷ ಜೆರಾಲ್ಡೀನ್ ಫೆರಾರೊ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಅಲ್ಲಿನ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದೂ ಅಲ್ಲಿಯವರೆಗೆ ಆ ಕುರ್ಚಿಗೆ ಹೆಂಗಸೊಬ್ಬಳನ್ನು ನಿಲ್ಲಿಸಿರಲಿಲ್ಲ. ತೆರಿಗೆಯ ಬಗ್ಗೆ, ಅಣ್ವಸ್ತ್ರದ ಬಗ್ಗೆ ಆಕೆ ಏನನ್ನುತ್ತಾರೋ ಎಂದು ಉಳಿದವರು ಕಿವಿಗೊಟ್ಟಿದ್ದರೆ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬೇರೆಯದೇ ಚಿಂತೆ. ಸುದ್ದಿಯಲ್ಲಿ ಎರಡನೇ ಸಲ ಈಕೆಯ ಹೆಸರು ಬಂದಾಗ ಅದರ ಮುಂದೆ ಏನು ಹಾಕುವುದು?

ಜೊತೆಗೆ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಮೊಂಡೇಲ್ ಅವರಿಂದ ಈ ತೊಂದರೆ ಇರಲಿಲ್ಲ. ಗಂಡಸು ಹುಟ್ಟಾ ಬ್ರಹ್ಮಚಾರಿಯಾಗಿರಲಿ, ಮೂರು ಮದುವೆಯಾಗಿ ಮೂರನ್ನೂ ಮುರಿದುಕೊಂಡಿರಲಿ, ಮಿಸ್ಟರ್ ಅಂದರೆ ಮುಗಿಯಿತು. ಹೆಂಗಸಿಗೆ ಮಾತ್ರ ಮೊದಲು ವಿಚಾರಣೆ, ಆಮೇಲೆ ಮರ್ಯಾದೆ. ಮದುವೆಯಾಗದಿದ್ದರೆ ಮಿಸ್, ಅದರ ಹಿಂದೆ ಅಪ್ಪನ ಮನೆಯ ಹೆಸರು. ಆಗಿದ್ದರೆ ಮಿಸೆಸ್, ಅದರ ಹಿಂದೆ ಗಂಡನ ಮನೆಯ ಹೆಸರು. ಹಳೆಯ ಶಿಷ್ಟಾಚಾರದಲ್ಲಿ ಗಂಡನ ಪೂರ್ತಿ ಹೆಸರೇ ಬರುತ್ತಿತ್ತು. ಹೆಂಡತಿಯ ಪಾಲಿಗೆ ಉಳಿಯುತ್ತಿದ್ದದ್ದು ಮಿಸೆಸ್ ಒಂದೇ.

ಫೆರಾರೊ ಅವರ ಗಂಡ ಜಾನ್ ಜಕಾರೊ. ಮದುವೆಯಾದದ್ದು 1960ರಲ್ಲಿ. ಎಂಟು ವರ್ಷದವಳಿದ್ದಾಗಲೇ ಅಪ್ಪ ತೀರಿಕೊಂಡ ಮೇಲೆ ದುಡಿದು ಓದಿಸಿದ ಅಮ್ಮನ ಮೇಲಿನ ಗೌರವಕ್ಕಾಗಿ ಆಕೆ ವೃತ್ತಿಯಲ್ಲಿ ಫೆರಾರೊ ಎಂಬುದನ್ನೇ ಉಳಿಸಿಕೊಂಡಿದ್ದರು. ಈಗ ಲೆಕ್ಕ ಹಾಕಿ. ಮಿಸ್ ಫೆರಾರೊ ಅನ್ನೋಣವೆಂದರೆ ಮನೆಯಲ್ಲಿ ಗಂಡನೂ ಮೂರು ಮಕ್ಕಳೂ ಇದ್ದಾರೆ. ಮಿಸೆಸ್ ಜಕಾರೊ ಅಂದರೆ ನಿಯಮ ಉಳಿಯುತ್ತದೆ, ಆದರೆ ಅದು ಯಾರೆಂದು ಮತದಾರನಿಗೆ ತಿಳಿಯುವುದಿಲ್ಲ. ಕೊನೆಗೆ ಪತ್ರಿಕೆ ಆರಿಸಿಕೊಂಡದ್ದು ಮಿಸೆಸ್ ಫೆರಾರೊ. ಅದರದ್ದೇ ವ್ಯಾಕರಣದ ಪ್ರಕಾರ ಇದರರ್ಥ ಮಿಸ್ಟರ್ ಫೆರಾರೊ ಅವರ ಹೆಂಡತಿ, ಅಂದರೆ ಅಭ್ಯರ್ಥಿಯ ತಾಯಿ! ಮಗಳು ಊರೂರು ಸುತ್ತಿ ಭಾಷಣ ಮಾಡಿದಳು, ಬೆಳಗಿನ ಪತ್ರಿಕೆಯಲ್ಲಿ ಅಮ್ಮ ಚುನಾವಣೆಗೆ ನಿಂತಿದ್ದಳು.

ಮದುವೆಯ ಸುದ್ದಿಯೆತ್ತದ ‘ಮಿಜ್’ ಆಗಲೇ ಇರಲಿಲ್ಲವೇ? ಇತ್ತು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ಪತ್ರಿಕೆಯೊಂದು 1901ರಲ್ಲೇ ಅದನ್ನು ಸೂಚಿಸಿತ್ತು. 1970ರ ದಶಕದಲ್ಲಿ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರು ಅದೇ ಹೆಸರಿನ ಮಾಸಪತ್ರಿಕೆ ಶುರು ಮಾಡಿದರೆ, ಟೈಮ್ಸ್ ಆ ಮಾಸಪತ್ರಿಕೆಯ ಹೆಸರನ್ನು ಅಚ್ಚು ಹಾಕುತ್ತಿತ್ತು, ಸಂಪಾದಕಿಯನ್ನು ಮಾತ್ರ ಮಿಸ್ ಸ್ಟೈನಮ್ ಎಂದೇ ಕರೆಯುತ್ತಿತ್ತು. ನಿಕ್ಸನ್‌ಗೆ ಭಾಷಣ ಬರೆದುಕೊಡುತ್ತಿದ್ದ, ಪಕ್ಕಾ ಸಂಪ್ರದಾಯವಾದಿ ವಿಲಿಯಂ ಸಫೈರ್ ಆಗ ಟೈಮ್ಸ್‌ನ ಭಾಷಾ ಅಂಕಣಕಾರ. ಫೆರಾರೊ ಗೊಂದಲ ನೋಡಿ ಅವರೂ ಸಂಕಟಪಟ್ಟುಕೊಂಡೇ ಮಿಜ್ ಪರವಾಗಿ ಬರೆದರು. ಪತ್ರಿಕೆ ಒಪ್ಪಿದ್ದು 1986ರ ಜೂನ್ 20ರಂದು. ಅಷ್ಟರಲ್ಲಿ ಫೆರಾರೊ ಸೋತು ಒಂದೂವರೆ ವರ್ಷ ದಾಟಿತ್ತು.

ನಗುವ ಮುಂಚೆ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಹಾಸನ ಜಿಲ್ಲೆಯ ಎಚ್.ಆರ್. ಸವಿತಾ ಎಂದಿಟ್ಟುಕೊಳ್ಳಿ: ಎಚ್ ಅಂದರೆ ಹೊಳೆನರಸೀಪುರ, ಆರ್ ಅಂದರೆ ಅಪ್ಪ ರಾಮಯ್ಯ. ಕುಲನಾಮದ ಗೊಡವೆಯೇ ಇಲ್ಲದ ಹೆಸರು. ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಜಾಗಕ್ಕೆ ಅಪ್ಪನನ್ನು ಕೂರಿಸಿದ್ದಾಯಿತು. ಗಂಡ ಮಂಜುನಾಥನ ಜೊತೆ ಲಂಡನ್ನಿಗೆ ಹೋದ ಸವಿತಾಗೆ ಬ್ಯಾಂಕಿನಿಂದ ಕಾಗದ ಬರುತ್ತದೆ, ‘ಡಿಯರ್ ಮಿಸೆಸ್ ರಾಮಯ್ಯ’ ಎಂದು. ಹೊಳೆನರಸೀಪುರದಲ್ಲಿ ಕೂತ ತಾಯಿಗೂ ಆ ಪದವಿಯನ್ನು ಯಾರೂ ಕೊಟ್ಟಿರಲಿಕ್ಕಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಇನ್ನೊಂದು ಬಗೆ: ಮಿಸೆಸ್ ಸವಿತಾ. ಇಂಗ್ಲಿಷಿನವನ ಕಿವಿಗೆ ಅದು ಸವಿತಾ ಎಂಬಾತನ ಹೆಂಡತಿ.

ಓದಿ ಡಾಕ್ಟರಾದರೆ ಈ ಕಾಟ ತಪ್ಪುತ್ತದೆ ಅಂದುಕೊಂಡಿರಾ? ಬ್ರಿಟನ್ನಿನಲ್ಲಿ ಶಸ್ತ್ರವೈದ್ಯರು ರಾಯಲ್ ಕಾಲೇಜಿನ ಪರೀಕ್ಷೆ ಪಾಸು ಮಾಡಿದ ಮೇಲೆ ಡಾಕ್ಟರ್ ಪದ ಬಿಟ್ಟು ಮಿಸ್ಟರ್ ಆಗುವ ರೂಢಿಯಿದೆ. ಹಿಂದೆ ಕ್ಷೌರಿಕರೇ ಶಸ್ತ್ರ ಹಿಡಿಯುತ್ತಿದ್ದರು, ಅವರಿಗೆ ವೈದ್ಯ ಪದವಿ ಇರಲಿಲ್ಲ. ಆ ಕಾಲದ ಉಳಿಕೆ ಇದು. ಗಂಡಸಿಗೆ ಅದು ಬಡ್ತಿ. ಹೆಂಗಸು ಮಾತ್ರ ಡಾಕ್ಟರ್ ಎಂಬುದನ್ನು ಬಿಟ್ಟ ಕ್ಷಣವೇ ಮತ್ತೆ ಮಿಸ್, ಮಿಸೆಸ್, ಮಿಜ್‌ಗಳ ಸಾಲಿನಲ್ಲಿ ನಿಂತು ಒಂದನ್ನು ಆರಿಸಿಕೊಳ್ಳಬೇಕು. ಮದುವೆಯಾದವರೂ ಎಷ್ಟೋ ಮಂದಿ ಮಿಸ್ ಎಂದೇ ಇಟ್ಟುಕೊಳ್ಳುತ್ತಾರೆ. ಹೊಸ ರೋಗಿ ಅವರನ್ನು ನರ್ಸ್ ಅಂದುಕೊಂಡು ನೀರು ಕೇಳಿದರೆ ಅಚ್ಚರಿಯೇನು?

ಕಾಗದ ಬರೆಯುವವರಿಗೆ ದಾರಿ ಸುಲಭವಿದೆ. ಆಕೆ ತನ್ನ ಸಹಿಯ ಜೊತೆ ಏನು ಹಾಕಿಕೊಂಡಿದ್ದಾರೋ ಅದನ್ನೇ ಹಾಕಿ. ಡಾಕ್ಟರೇಟ್ ಇದ್ದರೆ ಡಾಕ್ಟರ್ ಅನ್ನಿ, ಗಂಡನ ಡಾಕ್ಟರೇಟ್ ಲೆಕ್ಕಕ್ಕಿಲ್ಲ. ಏನೂ ಗೊತ್ತಿಲ್ಲವೇ, ಮಿಜ್ ಸಾಕು. ಸವಿತಾಳಂಥ ಹೆಸರಿದ್ದರೆ ಯಾವ ಬಾಲವನ್ನೂ ಹಚ್ಚದೆ ಪೂರ್ತಿ ಹೆಸರನ್ನೇ ಬರೆಯಿರಿ. ಆದರೆ ವಿಮಾನದ ಟಿಕೆಟ್ಟಿನ ಜಾಲತಾಣ ಇದನ್ನು ಕೇಳಬೇಕಲ್ಲ! ಭಾರತದ ಪಾಸ್‌ಪೋರ್ಟಿನ ಫೋಟೊ ಪುಟದಲ್ಲೇ ಇಲ್ಲದ ಮಿಸ್-ಮಿಸೆಸ್ ಅಲ್ಲಿ ಕೆಂಪು ನಕ್ಷತ್ರದ ಕಡ್ಡಾಯ ಪ್ರಶ್ನೆ. ಉತ್ತರ ಕೊಡದೆ ಕಿಟಕಿ ಪಕ್ಕದ ಸೀಟಿನ ಪುಟ ತೆರೆಯುವುದೇ ಇಲ್ಲ.